‘ಪ್ಯಾಕೆಟ್ ಲಾಸ್ ಸೊನ್ನೆ’ ಅಂದರೆ ನಂಬಬೇಡಿ, ಬಫರ್ ಸುಮ್ನೆ ಹಿಗ್ಗಿಸಬೇಡಿ

ನಮ್ಮ ಎರಡು ಆಫೀಸುಗಳ ನಡುವೆ ಇಂಟರ್ನೆಟ್ ಫೋನ್ ಹಾಕಿಕೊಟ್ಟವರು ದೂರು ಕೊಟ್ಟಾಗಲೆಲ್ಲ ಒಂದೇ ಮಾತು ಹೇಳಿದರು: "ರಿಪೋರ್ಟ್ ನೋಡಿ, ಲಾಸ್ ಸೊನ್ನೆ, ಜಿಟ್ಟರ್ 10 ಮಿಲಿಸೆಕೆಂಡಿನೊಳಗಿದೆ. ಲೈನ್ ಸರಿ ಇದೆ." ಮಾತು ಸಣ್ಣ ತುಣುಕುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ; ದಾರಿಯಲ್ಲಿ ಕಳೆದುಹೋದವು ಲಾಸ್, ತಲುಪಲು ಹಿಡಿಯುವ ಸಮಯದ ಏರುಪೇರು ಜಿಟ್ಟರ್. ಆದರೆ ನಮ್ಮ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ಆ ಅಂಕಿಗಳು ಸುಳ್ಳಲ್ಲ. ತೊಂದರೆ ಇದ್ದ ಜಾಗವನ್ನು ಅವು ತೋರಿಸುವುದೇ ಇಲ್ಲ, ಅಷ್ಟೆ.

ನಮ್ಮ ಫೋನ್ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ. ದಾರಿಯಲ್ಲಿ 40 ಮಿಲಿಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ಪ್ಯಾಕೆಟ್‌ಗಳು ಹಿಂದೆಮುಂದೆ ಬಂದರೂ ಮಾತು ಒಂದೇ ಸಮನೆ ಕೇಳಲಿ ಅಂತ ಆ ಕಡೆಯ ಫೋನಿನ ಬಫರ್ ಮೊದಲ ಪ್ಯಾಕೆಟನ್ನು ಇನ್ನೂ 40 ಮಿಲಿಸೆಕೆಂಡ್ ತಡೆದಿಟ್ಟು ನುಡಿಸುತ್ತದೆ. ಅಂದರೆ ಪ್ರತಿ ಪ್ಯಾಕೆಟ್ಟಿಗೂ ಗಡುವು 80. ನಮ್ಮಲ್ಲಿ ಬ್ಯಾಕಪ್ ಅಪ್‌ಲೋಡ್ ಶುರುವಾಯಿತು ಅನ್ನಿ. ರೂಟರಿನಲ್ಲಿ ಸಾಲು ಬೆಳೆದು, ಪ್ಯಾಕೆಟ್‌ಗಳಿಗೆ 130 ಮಿಲಿಸೆಕೆಂಡ್ ಹಿಡಿಯತೊಡಗಿತು. ಎಲ್ಲವೂ ತಲುಪುತ್ತವೆ, ಹಾಗಾಗಿ ಲಾಸ್ ಸೊನ್ನೆ. ಆದರೆ ಗಡುವು ಮೀರಿದ್ದರಿಂದ ಬಫರ್ ಅವನ್ನೆಲ್ಲ ಬಿಸಾಡುತ್ತದೆ. ಕೇಳುವವರ ಕಿವಿಗೆ ತಡವಾದದ್ದೂ ಕಳೆದುಹೋದದ್ದೂ ಒಂದೇ ಅಲ್ವಾ?

ಜಿಟ್ಟರ್ ಯಾಕೆ ಏರಲಿಲ್ಲ? ಧ್ವನಿ ಪ್ಯಾಕೆಟ್‌ಗಳನ್ನು ಸಾಗಿಸುವ ಆರ್‌ಟಿಪಿ ಎಂಬ ಪದ್ಧತಿಯ ಲೆಕ್ಕದಲ್ಲಿ ಪ್ರತಿ ವ್ಯತ್ಯಾಸದ 16ರಲ್ಲಿ ಒಂದು ಪಾಲು ಮಾತ್ರ ಸೇರುತ್ತದೆ. J ಅಂದರೆ ಜಿಟ್ಟರ್, D ಅಂದರೆ ಒಂದರ ಹಿಂದೊಂದು ಬಂದ ಎರಡು ಪ್ಯಾಕೆಟ್‌ಗಳಿಗೆ ದಾರಿಯಲ್ಲಿ ಹಿಡಿದ ಸಮಯದ ವ್ಯತ್ಯಾಸ:

```
J = J + (|D| - J)/16
```

90 ಮಿಲಿಸೆಕೆಂಡಿನ ಒಂದು ನೆಗೆತ ಅಂಕಿಯನ್ನು ಏರಿಸುವುದು ಹೆಚ್ಚೆಂದರೆ 6ರಷ್ಟು. ವಿಳಂಬ 130ರಲ್ಲೇ ನಿಂತರೆ ಆ ಅಂಕಿ ಮತ್ತೆ ಇಳಿಯುತ್ತದೆ, ಮಾತು ಮಾತ್ರ ತುಂಡು ತುಂಡಾಗಿಯೇ ಇರುತ್ತದೆ.

ಜಾಸ್ತಿ ಒತ್ತಾಯ ಮಾಡಿದ ಮೇಲೆ ಅವರು ಎರಡೂ ಕಡೆ ಬಫರನ್ನು 200ಕ್ಕೆ ಏರಿಸಿದರು. ದನಿ ಚೊಕ್ಕವಾಯಿತು, ಮಾತುಕತೆ ಹಾಳಾಯಿತು. ಪ್ಯಾಕೆಟ್ ತುಂಬಲು 20, ದಾರಿಗೆ 40, ಬಫರಿಗೆ 200: ಒಂದು ಕಡೆಗೇ 260. ನಾವು ಮುಗಿಸಿದ ಮಾತಿಗೆ ಉತ್ತರ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು. ಕೇಳಿಸಲಿಲ್ಲವೇನೋ ಅಂತ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುವುದು, ಒಟ್ಟಿಗೆ ನಿಲ್ಲಿಸುವುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಜಿ.114 ಶಿಫಾರಸಿನ ಪ್ರಕಾರ ಒಂದು ಕಡೆಯ ವಿಳಂಬ 150ರೊಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆಯಿಲ್ಲ, 400 ದಾಟಲೇಬಾರದು. ಬಫರಿನಲ್ಲಿ ಕೊಟ್ಟ ಪ್ರತಿ ಮಿಲಿಸೆಕೆಂಡೂ ಆ 150ರಿಂದಲೇ ಕಳೆಯುತ್ತದೆ.

ಕೊನೆಗೆ ಬೇರೊಬ್ಬ ತಂತ್ರಜ್ಞರು ರೂಟರಿನಲ್ಲಿ ಧ್ವನಿ ಪ್ಯಾಕೆಟ್‌ಗಳಿಗೆ ಮೊದಲ ಸರದಿ ಕೊಟ್ಟರು, ಅಪ್‌ಲೋಡಿಗೆ ಲೈನಿನ ವೇಗಕ್ಕಿಂತ ಸ್ವಲ್ಪ ಕೆಳಗೆ ಮಿತಿ ಹಾಕಿದರು. ಬಫರನ್ನು ತಾನೇ ಹಿಗ್ಗಿ ಕುಗ್ಗುವಂತೆ ಮಾಡಿ, 80ಕ್ಕೆ ಗರಿಷ್ಠ ಇಟ್ಟರು. ಅಲ್ಲಿಗೆ ಎರಡೂ ತೊಂದರೆ ನಿಂತವು.

ನಿಮಗೂ ಯಾರಾದರೂ "ಲಾಸ್ ಇಲ್ಲ" ಅಂದರೆ, ಕೇಳುವ ಕಡೆಯ ಫೋನಿನಲ್ಲಿ ಬಫರ್ ಬಿಸಾಡಿದ ಪ್ಯಾಕೆಟ್‌ಗಳ ಲೆಕ್ಕ ತೋರಿಸಲು ಹೇಳಿ. ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿರುವಾಗಲೇ ಪಿಂಗ್ ಓಡಿಸಿ, ಸರಾಸರಿ ಬಿಟ್ಟು ಗರಿಷ್ಠ ಅಂಕಿ ನೋಡಿ. ಪಿಂಗ್ ತೋರಿಸುವುದು ಹೋಗಿ ಬರುವ ಒಟ್ಟು ಸಮಯ, ಅದನ್ನು 150ರ ಜೊತೆ ನೇರವಾಗಿ ಹೋಲಿಸಬೇಡಿ.