ದರ್ಜೆ ಪರೀಕ್ಷೆ: ರೆಫರೆನ್ಸ್ ಉತ್ತರಕ್ಕಿಂತ ಪಕ್ಕಪಕ್ಕದ ರನ್‌ಗಳ ವ್ಯತ್ಯಾಸವೇ ವಾಸಿ

ಅವಕಲ ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಆಯ್ಲರ್ ವಿಧಾನ ಒಂದನೇ ದರ್ಜೆಯದು. ಹೆಜ್ಜೆ `h` ಅರ್ಧ ಮಾಡಿದರೆ ದೋಷವೂ ಹೆಚ್ಚುಕಡಿಮೆ ಅರ್ಧ ಆಗಬೇಕು. ನಾವು ಬರೆದ ಕೋಡ್ ಹಾಗೆ ನಡೆಯುತ್ತದಾ ಎಂದು ನೋಡಲು ನಿಜ ಉತ್ತರ ಬೇಕು. ಅದು ಕೈಯಲ್ಲಿ ಇಲ್ಲದಾಗ ಎರಡು ದಾರಿ ಇವೆ. ಸಣ್ಣ `h` ಇಟ್ಟು ಬಂದ ಉತ್ತರವನ್ನೇ ರೆಫರೆನ್ಸ್ ಮಾಡಿಕೊಳ್ಳಬಹುದು. ಇಲ್ಲವೇ ಒಂದೊಂದು ರನ್ನನ್ನೂ ಅದರ ಮುಂದಿನದರಿಂದ ಕಳೆಯಬಹುದು. ನನ್ನ ಓಟು ಎರಡನೆಯದಕ್ಕೆ.

ಎರಡನ್ನೂ `y' = -y`, `y(0) = 1` ಮೇಲೆ `t = 1` ವರೆಗೆ ಓಡಿಸಿದೆ. `h` 0.1, 0.05, 0.025, 0.0125 ಆದಾಗ ಉತ್ತರಗಳು 0.348678, 0.358486, 0.363232, 0.365568.

ಕೊನೆಯದನ್ನು ರೆಫರೆನ್ಸ್ ಮಾಡಿದರೆ ಉಳಿದ ಮೂರರ ದೋಷ 0.01689, 0.00708, 0.00234. ಅನುಪಾತ ಮೊದಲು 2.39, ಆಮೇಲೆ 3.03. ಅನುಪಾತದ `log2` ತಾನೆ ದರ್ಜೆ? ಅಂದರೆ ದರ್ಜೆ 1.25ರಿಂದ 1.6ಕ್ಕೆ ಏರಿತು! ಕೋಡ್‌ನಲ್ಲಿ ಏನೂ ತಪ್ಪಿಲ್ಲ. ಕಿರಿಕಿರಿ ಇರುವುದು ಇಲ್ಲೇ.

ನಿಜವಾದ ದೋಷಗಳು ಸುಮಾರು 8, 4, 2, 1ರ ಲೆಕ್ಕದಲ್ಲಿ ಇಳಿಯುತ್ತವೆ. ರೆಫರೆನ್ಸ್‌ನ ಸ್ವಂತ ದೋಷ ಆ 1. ಅದನ್ನು ಎಲ್ಲದರಿಂದ ಕಳೆದರೆ ಉಳಿಯುವುದು 7, 3, 1. 7ನ್ನು 3ರಿಂದ ಭಾಗಿಸಿದರೆ 2.33, 3ನ್ನು 1ರಿಂದ ಭಾಗಿಸಿದರೆ 3. ನಮ್ಮ `h` ರೆಫರೆನ್ಸ್ ಹತ್ತಿರ ಹೋದಷ್ಟೂ ಅನುಪಾತ ಉಬ್ಬುತ್ತದೆ. ಕೆಳಗಿಳಿದಂತೆ 2ರ ಹತ್ತಿರ ಬರುವ ಬದಲು ದೂರ ಹೋಗುತ್ತಿದ್ದರೆ ಇದೇ ಕಾರಣ ಇರಬಹುದು ಎಂದು ಮೊದಲು ನೋಡಿ.

ಅದೇ ನಾಲ್ಕು ಉತ್ತರಗಳನ್ನು ಪಕ್ಕಪಕ್ಕದಲ್ಲಿ ಕಳೆದರೆ 0.00981, 0.00475, 0.00234. ಅನುಪಾತ 2.07, 2.03. 8, 4, 2, 1ರ ವ್ಯತ್ಯಾಸ 4, 2, 1 ತಾನೆ? ಅದೇ ಅರ್ಧದ ಲೆಕ್ಕ ಉಳಿಯುತ್ತದೆ. ಮೂರು ರನ್ ಇದ್ದರೆ ಸಾಕು. ಹೆಜ್ಜೆ `h`, `h/2`, `h/4` ಇಟ್ಟು ಬಂದ ಉತ್ತರಗಳು `y1`, `y2`, `y4` ಆದರೆ ದರ್ಜೆ `p` ಹೀಗೆ:

```
d1 = abs(y1 - y2)
d2 = abs(y2 - y4)
p  = log2(d1 / d2)
```

ರೆಫರೆನ್ಸ್‌ನ `h` ಇನ್ನೂ 32 ಪಟ್ಟು ಸಣ್ಣದಾದರೆ ಉಬ್ಬು ಹೋಗುತ್ತದೆ, ನಿಜ. ಇಂಥ ಚಿಕ್ಕ ಸಮೀಕರಣಕ್ಕೆ ಅದು ಕ್ಷಣದ ಕೆಲಸ. ಆದರೆ ನಾನು ಜಾಸ್ತಿ ಮಾಡುವುದು ಮೂರು ಆಯಾಮದ ಲೆಕ್ಕಗಳು. ಅಲ್ಲಿ ಜಾಲರಿಯ ಜೊತೆ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಿದರೆ ಕೆಲಸ 16 ಪಟ್ಟು. ಐದು ಸಲ ಅರ್ಧ ಮಾಡಿದರೆ 10 ಲಕ್ಷ ಪಟ್ಟು ದಾಟುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅದು ಆಗದ ಮಾತು.

ಎರಡು ದಾರಿಗೂ ಒಂದು ಮಿತಿ ಇದೆ. ಕೋಡ್‌ನಲ್ಲಿ `-y` ಬದಲು `-1.01*y` ಬಿದ್ದಿದ್ದರೂ ಅನುಪಾತ 2ರ ಹತ್ತಿರವೇ ಬರುತ್ತದೆ, ತಪ್ಪು ಉತ್ತರದ ಕಡೆಗೆ ಸರಿಯಾದ ವೇಗದಲ್ಲಿ ಹೋಗುತ್ತದೆ. ಅದಕ್ಕೇ ನಾನು ಉತ್ತರ ಗೊತ್ತಿರುವ ಒಂದು ಲೆಕ್ಕದ ಮೇಲೆ ಕೋಡ್ ಓಡಿಸಿದ ಮೇಲೆ ಮಾತ್ರ ಈ ಅನುಪಾತದ ಲೆಕ್ಕಕ್ಕೆ ಕೈ ಹಾಕುತ್ತೇನೆ. ಇಲ್ಲಿ ಆ ಉತ್ತರ 0.367879.