ಸಸ್ತಾ 2 ಟಿಬಿ ಡಿಸ್ಕ್ ನಂಬಿ ಕ್ಲೌಡ್‌ನಲ್ಲಿರೋ ಫೋಟೋ ಅಳಿಸ್ಬೇಡಿ, ನಮ್ಮನೆ ಫೋಟೋ ಹೋಗಿವೆ

ದಯವಿಟ್ಟು ಪೂರ್ತಿ ಓದಿ. ಅದ್ರಲ್ಲೂ ಕ್ಲೌಡ್‌ಗೆ ವರ್ಷ ವರ್ಷ ಯಾಕೆ ದುಡ್ಡು ಕಟ್ಟೋದು, ಒಂದೇ ಸಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು ಎಲ್ಲಾ ಫೋಟೋ ಅದಕ್ಕೆ ತುಂಬಿ ಬೀರುನಲ್ಲಿ ಇಟ್ಬಿಟ್ರೆ ಮಕ್ಕಳ ಕಾಲಕ್ಕೂ ಆಯ್ತು ಅಂತ ಯೋಚ್ನೆ ಮಾಡ್ತಿರೋರು ಓದ್ಲೇಬೇಕು. ಇದನ್ನ ಬರೆಯೋಕೆ ನಂಗೆ ನಾಚಿಕೆ ಆಗ್ತಿದೆ, ಮನೇಲಿ ಅಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ, ಆದ್ರೆ ಹೇಳ್ದೇ ಇದ್ರೆ ಇನ್ನೊಬ್ಬರ ಮನೇಲೂ ಇದೇ ಆಗುತ್ತೆ.

ನಮ್ಮ ಮನೆ ಫೋಟೋ ವಿಡಿಯೋ ಎಲ್ಲಾ ಸೇರಿ ಸುಮಾರು 180 ಜಿಬಿ ಗೂಗಲ್ ಫೋಟೋಸ್‌ನಲ್ಲಿತ್ತು. 2021ರ ಜೂನ್‌ನಿಂದ ಅಲ್ಲಿ ಫ್ರೀ ಅನ್ನೋದು ನಿಂತೋಯ್ತಲ್ಲ, ಎಲ್ಲಾ ಸೇರಿ 15 ಜಿಬಿ ಅಷ್ಟೇ, ಹಾಗಾಗಿ 200 ಜಿಬಿ ಪ್ಲಾನ್‌ಗೆ ತಿಂಗಳಿಗೆ 210 ರೂಪಾಯಿ ಕಟ್ತಿದ್ದೆ. ಲ್ಯಾಪ್‌ಟಾಪ್ ರಿಪೇರಿಗೆ ಅಂತ ನಮ್ಮೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದಾಗ ಮಾತಿಗೆ ಮಾತು ಬಂದು ಈ ವಿಷ್ಯ ಬಂತು. ಆ ಮನುಷ್ಯ ಕ್ಯಾಲ್ಕುಲೇಟರ್ ತೆಗ್ದು ತೋರಿಸ್ದ, ವರ್ಷಕ್ಕೆ 2,520, ಇಪ್ಪತ್ತು ವರ್ಷಕ್ಕೆ 50,400, "ಸರ್ ನಿಮ್ಮ ಫೋಟೋಗೆ ನೀವೇ ಬಾಡಿಗೆ ಕಟ್ತಿದ್ದೀರಾ, ಕಟ್ಟೋದು ನಿಲ್ಸಿದ್ರೆ ಮಾರನೇ ದಿನಾನೇ ಡಿಲೀಟ್ ಮಾಡ್ತಾರೆ" ಅಂದ. ಇದು ಶುದ್ಧ ಸುಳ್ಳು. ದುಡ್ಡು ಕಟ್ಟೋದು ನಿಲ್ಸಿದ್ರೆ ಹೊಸ ಫೋಟೋ ಹೋಗಲ್ಲ, ಜಿಮೇಲ್‌ಗೆ ಮೇಲ್ ಬರೋದೂ ನಿಲ್ಲುತ್ತೆ, ಆದ್ರೆ ಇರೋ ಫೋಟೋ ಇರುತ್ತೆ, ಜಾಗ ಮೀರಿದ ಸ್ಥಿತಿಯಲ್ಲೇ 2 ವರ್ಷ ಬಿಟ್ರೆ ಮಾತ್ರ ಅಳಿಸಬಹುದು ಅಂತ ಅವರ ನಿಯಮ ಇರೋದು. ಅಂದ್ರೆ ಯಾವ ಅವಸರಾನೂ ಇರ್ಲಿಲ್ಲ! ಅವಸರ ಇದ್ದಿದ್ದು ಅವನಿಗೆ.

ಅವನು ಕೊಟ್ಟಿದ್ದು ಅಂಗೈಯಗಲದ ಒಂದು ಡಬ್ಬಿ, ಮೇಲೆ 2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಅಂತ ಪ್ರಿಂಟು, ಅಂದ್ರೆ ತಿರುಗೋ ಭಾಗ ಇಲ್ಲದ, ಹಾರ್ಡ್ ಡಿಸ್ಕ್‌ಗಿಂತ ವೇಗದ ಚಿಪ್ ಡಿಸ್ಕು, ಎಂಆರ್‌ಪಿ 11,999, "ನಿಮಗೆ 4,800ಕ್ಕೆ ಕೊಡ್ತೀನಿ, 500 ಸರ್ವಿಸ್ ಚಾರ್ಜ್ ಕೊಡಿ, ಕ್ಲೌಡ್‌ನಿಂದ ಎಲ್ಲಾ ಇಳಿಸಿ ಹಾಕ್ಕೊಡೋದು ನಮ್ಮ ಜವಾಬ್ದಾರಿ." ಬಿಲ್ ಕೇಳಿದ್ದಕ್ಕೆ ಎಸ್ಟಿಮೇಟ್ ಚೀಟಿಯಲ್ಲಿ "ಹಾರ್ಡ್ ಡಿಸ್ಕ್ 1" ಅಂತ ಬರೆದು ಕೊಟ್ಟ. ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ.

ಟೇಕ್‌ಔಟ್ ಅಂತ ಗೂಗಲ್‌ನದ್ದೇ ಒಂದು ವ್ಯವಸ್ಥೆ ಇದೆ, ನಮ್ಮ ಫೋಟೋ ಎಲ್ಲಾ ಜಿಪ್ ಮಾಡಿ ಇಳಿಸ್ಕೊಳ್ಳೋಕೆ. ಅದ್ರಲ್ಲಿ ಒಂದೊಂದು ಜಿಪ್ 50 ಜಿಬಿ ಇರ್ಲಿ ಅಂತ ಆರಿಸಿದ, ನಾಲ್ಕು ಜಿಪ್ ಬಂತು, ಮೂರು 50ರದ್ದು, ಕೊನೇದು 30 ಚಿಲ್ರೆ. ಎಲ್ಲಾ ಆ ಡಿಸ್ಕ್‌ಗೆ ಇಳಿಸಿ ಮಾರನೇ ದಿನ ನನ್ನ ಕರೆದು ಎದುರಿಗೇ ಕೂರಿಸ್ಕೊಂಡು ತೋರಿಸ್ದ. ನಾಲ್ಕೂ ಫೈಲ್ ಇದೆ. ಸೈಜ್ ಸರಿಯಾಗಿದೆ. ಪ್ರಾಪರ್ಟೀಸ್ ಒತ್ತಿದ್ರೆ 180 ಜಿಬಿ ಬಳಕೆ, ಉಳಿದಿದ್ದು ಖಾಲಿ. ಮೊದಲನೇ ಜಿಪ್ ತೆಗ್ದು ನಮ್ಮ ಮಗಳ ನಾಮಕರಣದ ಫೋಟೋ ತೋರಿಸ್ದ, "ನೋಡಿ ಸರ್, ಎಷ್ಟು ಕ್ಲಿಯರ್ ಇದೆ" ಅಂತ. ಅಷ್ಟಾದ್ಮೇಲೆ ಅವನೇ ಕ್ಲೌಡ್‌ನಲ್ಲಿ ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ, ಬಿನ್‌ನಲ್ಲಿದ್ರೆ ಜಾಗ ಖಾಲಿ ಆಗಲ್ಲ ಅಂತ ಬಿನ್ ಕೂಡ ಖಾಲಿ ಮಾಡ್ದ. ಆ ಬಿನ್‌ನಲ್ಲಿ ಸುಮ್ನೆ ಬಿಟ್ಟಿದ್ರೆ 60 ದಿನ ಇರ್ತಿತ್ತು.

ಆ ಘಳಿಗೆ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ. ನಾಲ್ಕು ಜಿಪ್‌ನಲ್ಲಿ ಮೊದಲನೇದನ್ನ ಮಾತ್ರ ತೆಗ್ದು ತೋರಿಸ್ದ. ಮೊದಲನೇದನ್ನ ಮಾತ್ರ.

ಅಮ್ಮನ ಭೀಮರಥ ಶಾಂತಿಗೆ ಹಳೇ ಫೋಟೋ ಎಲ್ಲಾ ಸೇರಿಸಿ ಆಲ್ಬಂ ಮಾಡ್ಸೋಣ ಅಂತ ಅಕ್ಕ ಹೇಳಿದಾಗ ಡಿಸ್ಕ್ ಹೊರಗೆ ತೆಗೆದೆ. ಮೊದಲನೇ ಜಿಪ್ ತೆಗೀತು. ಎರಡನೇದು "ಇನ್ವ್ಯಾಲಿಡ್" ಅಂತು. ಮೂರನೇದೂ ಹಾಗೇ. ನಾಲ್ಕನೇದೂ ಹಾಗೇ. ಕೇಬಲ್ ಬದಲಾಯಿಸಿ ನೋಡಿದೆ, ಅಕ್ಕನ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆ, ಅದೇ ಕಥೆ. ಹೆಸರಿದೆ, ಸೈಜ್ ಇದೆ, ತಾರೀಕಿದೆ, ಒಳಗೆ ಏನೂ ಇಲ್ಲ.

ಡೇಟಾ ರಿಕವರಿ ಮಾಡೋ ಒಬ್ಬರ ಹತ್ರ ತಗೊಂಡು ಹೋದೆ. ಅವ್ರು ಡಬ್ಬಿ ಬಿಚ್ಚಿ ತೋರಿಸಿದ್ರು. ಒಳಗೆ ಎಸ್‌ಎಸ್‌ಡಿ ಇಲ್ಲ ಸ್ವಾಮಿ! ಒಂದು ಸಣ್ಣ ಯುಎಸ್‌ಬಿ ಬೋರ್ಡು, ಅದಕ್ಕೆ ಸಿಕ್ಕಿಸಿರೋ 64 ಜಿಬಿ ಮೊಬೈಲ್ ಮೆಮೊರಿ ಕಾರ್ಡು, ತೂಕ ಬರ್ಲಿ ಅಂತ ಗಮ್ ಹಾಕಿ ಅಂಟಿಸಿರೋ ಕಬ್ಬಿಣದ ತುಂಡು. ಆ ಬೋರ್ಡ್‌ನ ಒಳಗಿನ ಪ್ರೋಗ್ರಾಮನ್ನೇ ತಿದ್ದಿರ್ತಾರಂತೆ, ಕಂಪ್ಯೂಟರ್ "ನಿಂದು ಎಷ್ಟು ಜಾಗ" ಅಂತ ಕೇಳಿದ್ರೆ 2 ಟಿಬಿ ಅಂತ ಹೇಳುತ್ತೆ. 64 ಜಿಬಿ ಆಗೋವರೆಗೂ ನಿಜವಾಗ್ಲೂ ಬರೀತದೆ. ಆಮೇಲೆ ಬರೋದನ್ನ ಇಸ್ಕೊಂಡು "ಬರೆದೆ" ಅಂತ ಉತ್ತರ ಕೊಟ್ಟು ಬಿಸಾಕುತ್ತೆ. ಕೆಲವು ಡಬ್ಬಿಗಳಲ್ಲಿ ಇನ್ನೂ ಕೆಟ್ಟದು, ಮತ್ತೆ ಮೊದಲಿಂದ ಹಳೇದ್ರ ಮೇಲೇನೇ ಬರೀತಾ ಹೋಗುತ್ತಂತೆ. ಕಾಪಿ ಮಾಡೋವಾಗ ವಿಂಡೋಸ್ ಬರೆದಿದ್ದನ್ನ ವಾಪಸ್ ಓದಿ ತಾಳೆ ನೋಡಲ್ಲ, ಹಾಗಾಗಿ ಎಲ್ಲಾ ಸರಿ ಅಂತಾನೇ ಮುಗಿಸುತ್ತೆ. ಫೈಲ್ ಹೆಸರು ಸೈಜು ಇರೋ ಪಟ್ಟಿ ಡಿಸ್ಕ್‌ನ ಶುರುವಿನಲ್ಲೇ ಇರುತ್ತೆ, ಅದು ಅಸಲಿ ಜಾಗದಲ್ಲಿ ಬೀಳೋದ್ರಿಂದ ಉಳ್ಕೊಳ್ಳುತ್ತೆ. ಗೋಡೌನ್ ರಿಜಿಸ್ಟರ್‌ನಲ್ಲಿ ನೂರು ಚೀಲ ಅಂತ ಬರ್ದಿದೆ, ಬಾಗಿಲು ತೆಗೆದ್ರೆ ಚೀಲಾನೇ ಬಂದಿಲ್ಲ, ಆ ಥರ.

"ಅಳಿಸಿದ್ದಾದ್ರೆ ಏನಾದ್ರೂ ಪ್ರಯತ್ನ ಮಾಡಬಹುದಿತ್ತು ಸರ್, ಇದು ಬರೆದೇ ಇಲ್ಲ, ಎಲ್ಲಿಂದ ತರ್ಲಿ" ಅಂದ್ರು ಅವ್ರು. ಎರಡನೇ ಜಿಪ್‌ನ ಶುರುವಿನ ಹತ್ತು ಜಿಬಿಯಷ್ಟು ಕಾರ್ಡ್‌ನಲ್ಲಿತ್ತು, ಒಳಗೆ ಏನೇನಿದೆ ಅನ್ನೋ ಜಿಪ್‌ನ ಪಟ್ಟಿ ಫೈಲಿನ ಕೊನೇಲಿರುತ್ತಂತೆ, ಆ ಕೊನೆ ಇಲ್ದೇ ಇರೋದ್ರಿಂದ ಜಿಪ್ ತೆಗೀತಿರ್ಲಿಲ್ಲ, ಅಷ್ಟನ್ನ ಒಂದೊಂದು ಫೋಟೋ ಹುಡುಕಿ ಬಿಡಿಸಿ ಕೊಟ್ರು. ಉಳಿದಿದ್ದೆಲ್ಲಾ ಬರೀ ಸೊನ್ನೆ, ಸ್ಕ್ರೀನ್ ಮೇಲೆ ತೋರಿಸಿದ್ರು, ಸಾಲು ಸಾಲು ಸೊನ್ನೆ. ಮತ್ತೆ ಟೇಕ್‌ಔಟ್ ಒಂದೇ ಫಂಕ್ಷನ್‌ನ ಫೋಟೋಗಳನ್ನ ಬೇರೆ ಬೇರೆ ಜಿಪ್‌ಗೆ ಹರಡಿರುತ್ತೆ, ಹಾಗಾಗಿ ಯಾವುದೂ ಪೂರ್ತಿ ಇಲ್ಲ. ಅಪ್ಪನ ಷಷ್ಟಿಪೂರ್ತಿಯ ಹೋಮದ ಫೋಟೋ ಇದೆ, ಎಲ್ರೂ ಒಟ್ಟಿಗೆ ನಿಂತಿದ್ದ ಗ್ರೂಪ್ ಫೋಟೋ ಇಲ್ಲ. ಅಪ್ಪ ಈಗಿಲ್ಲ.

ಅಂಗಡಿಗೆ ಹೋದ್ರೆ ಅವನ ಉತ್ತರಗಳನ್ನ ಕೇಳಿ. ಮೊದಲು "ವೈರಸ್ ಬಂದಿರುತ್ತೆ ಸರ್, ಫಾರ್ಮ್ಯಾಟ್ ಮಾಡಿ ಸರಿ ಹೋಗುತ್ತೆ" ಅಂದ. ಫೋಟೋ ಹೋಗಿದೆ ಅಂತ ಬಂದೋನಿಗೆ ಫಾರ್ಮ್ಯಾಟ್ ಮಾಡು ಅಂತಾನೆ! ಆಮೇಲೆ "ಮೇಲಿಂದ ಬೀಳಿಸಿರ್ತೀರಾ." ಬಿಚ್ಚಿದ ಡಬ್ಬಿ, ಮೆಮೊರಿ ಕಾರ್ಡು ಟೇಬಲ್ ಮೇಲಿಟ್ಟೆ. "ಬಿಚ್ಚಿದ್ರೆ ವಾರಂಟಿ ಹೋಯ್ತಲ್ಲ ಸರ್." ನಾನು ದುಡ್ಡಿಗೆ ಬಂದಿಲ್ಲಪ್ಪ, ನಮ್ಮನೆ ಫೋಟೋ ಅಳಿಸಿದೋನು ನೀನು ಅಂದ್ರೆ "ನೀವೇ ಅಲ್ವಾ ಸರ್ ಪಾಸ್‌ವರ್ಡ್ ಹಾಕಿ ಕೊಟ್ಟಿದ್ದು, ಡೇಟಾಗೆ ಯಾವ ಕಂಪನಿನೂ ಜವಾಬ್ದಾರಿ ತಗೊಳ್ಳಲ್ಲ, ಡಿಸ್ಕ್‌ಗೆ ಮಾತ್ರ ವಾರಂಟಿ, ಬೇಕಾದ್ರೆ ಇನ್ನೊಂದು ಪೀಸ್ ಕೊಡ್ತೀನಿ" ಅಂತ ಅದೇ ಡಬ್ಬಿ, ಅದೇ ಪ್ರಿಂಟು, ಇನ್ನೊಂದನ್ನ ಮುಂದೆ ಇಟ್ಟ. ಟೆಸ್ಟ್ ಮಾಡಿ ಕೊಡು ಅಂದಿದ್ದಕ್ಕೆ "ಆ ಇಂಟರ್ನೆಟ್ ಸಾಫ್ಟ್‌ವೇರ್ ಎಲ್ಲಾ ನಂಬ್ಬೇಡಿ ಸರ್, ಡಿಸ್ಕ್ ಹಾಳಾಗುತ್ತೆ" ಅಂತಾನೆ. ಹಾಳಾಗೋಕೆ ಒಳಗೆ ಡಿಸ್ಕ್ ಎಲ್ಲಿದೆ?

ಆ ಟೆಸ್ಟ್ ಏನು ಅಂತ ಹೇಳ್ತೀನಿ. ವಿಂಡೋಸ್‌ಗೆ H2testw ಅಂತ ಒಂದು ಫ್ರೀ ಪ್ರೋಗ್ರಾಮ್ ಇದೆ. ಹೊಸ ಡಿಸ್ಕ್ ಖಾಲಿ ಇರೋವಾಗ್ಲೇ ಅದ್ರಲ್ಲಿ Write + Verify ಒತ್ತಿ, ಅದು ಡಿಸ್ಕ್ ಪೂರ್ತಿ ತನ್ನ ಫೈಲ್ ತುಂಬಿಸಿ ವಾಪಸ್ ಎಲ್ಲಾನೂ ಓದಿ ನೋಡುತ್ತೆ. ಸರಿ ಇದ್ರೆ Test finished without errors ಅಂತ ಬರುತ್ತೆ, ನಕಲಿ ಆದ್ರೆ ಎಷ್ಟು ಜಿಬಿ OK, ಎಷ್ಟು DATA LOST ಅಂತ ಬರುತ್ತೆ. 2 ಟಿಬಿಗೆ ತುಂಬಾ ಹೊತ್ತು ಹಿಡಿಯುತ್ತೆ, ಸೆಕೆಂಡಿಗೆ 25 ಎಂಬಿ ವೇಗ ಇದ್ರೆ ಬರೆಯೋಕೇ ಇಪ್ಪತ್ತೆರಡು ಗಂಟೆ, ಹಿಡೀಲಿ ಬಿಡಿ. ಎಸ್‌ಎಸ್‌ಡಿ ಅಂತ ಹೇಳ್ಕೊಂಡು 20-30 ಎಂಬಿ ವೇಗದಲ್ಲಿ ತೆವಳ್ತಿದ್ರೆ ಅದೇ ದೊಡ್ಡ ಅನುಮಾನ. ಮ್ಯಾಕ್, ಲಿನಕ್ಸ್ ಇರೋರಿಗೆ ಇದೇ ಕೆಲಸಕ್ಕೆ f3 ಇದೆ.

ಆಗ್ಲೇ ಫೋಟೋ ತುಂಬಿಟ್ಟಿರೋ ಡಿಸ್ಕ್ ಮೇಲೆ ಮಾತ್ರ ಈ ಟೆಸ್ಟ್ ಮಾಡ್ಬೇಡಿ, ನಕಲಿ ಆಗಿದ್ರೆ ಇರೋದೂ ಹೋಗಬಹುದು. ಅಂಥ ಡಿಸ್ಕ್ ಆದ್ರೆ ಅದನ್ನ ಕಂಪ್ಯೂಟರ್‌ನಿಂದ ತೆಗ್ದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ ಒಳಗಿನ ಫೈಲ್‌ಗಳನ್ನ ತೆಗ್ದು ನೋಡಿ, ಯಾಕಂದ್ರೆ ಆಗ ತಾನೇ ಕಾಪಿ ಮಾಡಿದ್ದು ಕಂಪ್ಯೂಟರ್‌ನ ಮೆಮೊರಿಯಿಂದ್ಲೇ ತೆಗೆದು ತೋರಿಸ್ಬಿಡುತ್ತೆ. ಜಿಪ್ ಆದ್ರೆ 7-Zipನಲ್ಲಿ Test archive ಅಂತಿದೆ, ಕೊನೇ ಜಿಪ್‌ನಿಂದ ಶುರು ಮಾಡಿ.

ಅಸಲಿ ಕಂಪನಿ ಡಿಸ್ಕ್ ತಗೊಂಡ್ರೂ ಇಪ್ಪತ್ತು ವರ್ಷದ ಲೆಕ್ಕ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಸಾಮಾನ್ಯವಾಗಿ ಎರಡರಿಂದ ಐದು ವರ್ಷಕ್ಕಿಂತ ಹೆಚ್ಚು ವಾರಂಟಿ ಅವರೇ ಕೊಡಲ್ಲ. ತಿರುಗೋ ಹಾರ್ಡ್ ಡಿಸ್ಕ್‌ನಲ್ಲಿ ಭಾಗಗಳು ಸವೆಯುತ್ತೆ, ಎಸ್‌ಎಸ್‌ಡಿ, ಮೆಮೊರಿ ಕಾರ್ಡ್‌ನಲ್ಲಿ ವರ್ಷಗಟ್ಲೆ ಕರೆಂಟ್ ಕೊಡ್ದೇ ಇಟ್ರೆ ಬರೆದಿದ್ದೇ ನಿಧಾನಕ್ಕೆ ಸೋರಿ ಹೋಗಬಹುದು. ಬೀರುನಲ್ಲಿ ಇಟ್ಟು ಮರೆಯೋ ವಸ್ತು ಅಲ್ಲ ಅದು. ಕ್ಲೌಡ್‌ನಲ್ಲಿ ಆ ತಲೆನೋವು ಕಂಪನಿಯವರದ್ದು, ನಮ್ದು ದುಡ್ಡು ಕಟ್ಟೋದು, ಪಾಸ್‌ವರ್ಡ್ ಮನೇಲಿ ಇನ್ನೊಬ್ಬರಿಗೆ ಗೊತ್ತಿರೋ ಹಾಗೆ ನೋಡ್ಕೊಳ್ಳೋದು, ನಾನಿಲ್ದೇ ಹೋದ್ರೂ ಮಗಳು ಒಳಗೆ ಹೋಗೋ ಹಾಗಿರ್ಬೇಕು. ನಾನೀಗ 210 ರೂಪಾಯಿ ಪ್ಲಾನ್ ಮತ್ತೆ ಶುರು ಮಾಡಿದೀನಿ, ಜೊತೆಗೆ ಅಸಲಿ ಬಿಲ್ ಇರೋ ಒಂದು ಹಾರ್ಡ್ ಡಿಸ್ಕ್ ತಗೊಂಡಿದೀನಿ, ಎರಡೂ ಕಡೆ ಇರುತ್ತೆ. ಒಂದು ಬಂತು ಅಂತ ಇನ್ನೊಂದನ್ನ ಅಳಿಸೋ ಮಾತೇ ಇಲ್ಲ ಇನ್ಮೇಲೆ.

ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಅದನ್ನ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಬರ್ದು ಕೊಡಲ್ಲ ಅಂದ್ರೆ ಎದ್ದು ಬನ್ನಿ. ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದೀನಿ, ಎಸ್ಟಿಮೇಟ್ ಚೀಟಿ, ಯುಪಿಐ ಪೇಮೆಂಟ್ ಸ್ಕ್ರೀನ್‌ಶಾಟ್, ಬಿಚ್ಚಿದ ಡಬ್ಬಿ ಫೋಟೋ ಎಲ್ಲಾ ಹಾಕಿದೀನಿ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ದುಡ್ಡು ಬಂದ್ರೂ ಫೋಟೋ ಬರಲ್ಲ ಅಂತ ಗೊತ್ತು, ಆದ್ರೂ ಬಿಡಲ್ಲ.

ನಿಮ್ಮ ಮನೇಲಿ ಇಂಥದೇ ಡಬ್ಬಿ ಇದ್ದು, ಕ್ಲೌಡ್‌ನಲ್ಲಿ ಡಿಲೀಟ್ ಮಾಡಿ ಇನ್ನೂ 60 ದಿನ ಆಗಿಲ್ಲ ಅಂದ್ರೆ, ಈಗ್ಲೇ ಬಿನ್ ತೆಗೆದು ನೋಡಿ, ಫೋಟೋ ಅಲ್ಲೇ ಇದ್ರೆ ಮೊದಲು ರಿಸ್ಟೋರ್ ಮಾಡಿ, ಡಿಸ್ಕ್ ಟೆಸ್ಟ್ ಆಮೇಲೆ ಮಾಡಿ.