ದೊಡ್ಡ ಫೋನ್, ಒಂದೇ ಹೆಬ್ಬೆರಳು: ಜಿಬೋರ್ಡ್‌ನ ಒಂಟಿ ಕೈ ಮೋಡ್ ವರ್ಷಕ್ಕೂ ಮೇಲೆ ಬಳಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಒಂಟಿ ಕೈ ಮೋಡ್ ಆನ್ ಮಾಡಿದ ಮಾತ್ರಕ್ಕೆ ದೊಡ್ಡ ಫೋನಿನಲ್ಲಿ ಟೈಪ್ ಮಾಡೋದು ಸುಲಭವಾಗುವುದಿಲ್ಲ. ನನಗೆ ನಿಜವಾಗಿ ಆರಾಮ ಕೊಟ್ಟಿದ್ದು ಕೀಬೋರ್ಡನ್ನು ಫೋನಿನ ತಳದಿಂದ ಸ್ವಲ್ಪ ಮೇಲಕ್ಕೆ ಎತ್ತಿದ್ದು. ಎತ್ತರ, ವೈಬ್ರೇಷನ್, ಕೀ ಒತ್ತಿ ಹಿಡಿಯುವ ಸಮಯ, ಇವೆಲ್ಲ ಅದರ ಹಿಂದೆ ಬಂದವು. ಫೋನ್ 6.7 ಇಂಚಿನದು, ಆಂಡ್ರಾಯ್ಡ್. ಕೀಬೋರ್ಡ್ ಗೂಗಲ್‌ನ ಜಿಬೋರ್ಡ್. ಟೈಪ್ ಮಾಡೋದು ಹೆಚ್ಚಾಗಿ ಬಲಗೈ ಹೆಬ್ಬೆರಳಲ್ಲಿ, ಅದೂ ನಿಂತುಕೊಂಡೇ ಜಾಸ್ತಿ.

ಸ್ಕೇಲ್ ಇಟ್ಟು ಅಳೆದರೆ ನನ್ನ ಫೋನಿನ ಪರದೆಯ ಅಗಲ ಸುಮಾರು 70 ಮಿಲಿಮೀಟರ್. ಇಂಗ್ಲಿಷ್ ಲೇಔಟ್‌ನ ಮೇಲಿನ ಸಾಲಿನಲ್ಲಿ ಹತ್ತು ಅಕ್ಷರ. ಅಂದರೆ ಒಂದು ಕೀಗೆ ಸಿಗೋದು 7 ಮಿ.ಮೀ. ಹೆಬ್ಬೆರಳಿನ ತುದಿ ಪರದೆಗೆ ತಾಗುವ ಜಾಗವೇ ಅದಕ್ಕಿಂತ ದೊಡ್ಡದು. ಆ್ಯಪ್ ಮಾಡುವವರಿಗೆ ಗೂಗಲ್ ಹೇಳುವ ಅಳತೆಯೂ ಹಾಗೇ ಇದೆ: ಒತ್ತುವ ಬಟನ್ ಆಂಡ್ರಾಯ್ಡ್ ಪರದೆಯ ಅಳತೆಯಲ್ಲಿ ಕನಿಷ್ಠ 48 ಡಿಪಿ ಇರಬೇಕು, ಅಂದರೆ ಸುಮಾರು 9 ಮಿ.ಮೀ. ಕೀಬೋರ್ಡಿನ ಕೀ ಎಷ್ಟು ಮಾಡಿದರೂ ಅಷ್ಟು ಅಗಲ ಆಗುವುದಿಲ್ಲ. ಫೋನ್ ಅಡ್ಡ ಹಿಡಿದರೆ ಮಾತ್ರ ಸಾಧ್ಯ. ಉಳಿದಂತೆ ನಾವು ಒತ್ತಿದ ಜಾಗ ಮತ್ತು ಹಿಂದಿನ ಅಕ್ಷರಗಳನ್ನು ನೋಡಿ ಕೀಬೋರ್ಡೇ ಊಹೆ ಮಾಡುತ್ತದೆ.

ಈಗ ಒಂಟಿ ಕೈ ಮೋಡ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಕೀಬೋರ್ಡ್ ಒಂದು ಬದಿಗೆ ಸರಿದು, 60 ಮಿ.ಮೀ. ಆಸುಪಾಸಿಗೆ ಕುಗ್ಗುತ್ತದೆ. ಎಡತುದಿಯ q, a ಕೈಗೆ ಸಿಗುತ್ತವೆ, ಆದರೆ ಪ್ರತಿ ಕೀ 6 ಮಿ.ಮೀ.ಗೆ ಇಳಿಯಿತು. ಎಟುಕು ಗೆದ್ದಿರಿ, ಅಗಲ ಸೋತಿರಿ. "ಒಂಟಿ ಕೈ ಮೋಡ್ ಹಾಕಿದ ಮೇಲೆ ತಪ್ಪು ಜಾಸ್ತಿ ಆಯ್ತು" ಅಂತ ಹೇಳಿ ಎರಡೇ ದಿನಕ್ಕೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಅವರು ಹೇಳೋದು ಸುಳ್ಳೇನಲ್ಲ.

ಇನ್ನೊಂದು ತೊಂದರೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದಾಗ ಕಿರುಬೆರಳು ಕೆಳಗೆ ಆಸರೆಯಾಗಿ ನಿಲ್ಲುತ್ತದೆ. ಹೆಬ್ಬೆರಳಿನ ಬುಡ ಕೀಬೋರ್ಡಿನ ಪಕ್ಕಕ್ಕೇ ಬರುತ್ತದೆ. ಅಲ್ಲಿಂದ ಹೆಬ್ಬೆರಳು ಬಾಗಿದ ಗೆರೆಯಲ್ಲಿ ಓಡಾಡುತ್ತದೆಯೇ ಹೊರತು ನೇರ ಸಾಲಿನಲ್ಲಲ್ಲ. ಎಡ ಮೇಲ್ತುದಿ ದೂರ, ಅದು ಎಲ್ಲರಿಗೂ ಗೊತ್ತು. ಆದರೆ ಬಲ ಕೆಳತುದಿ ಅದಕ್ಕಿಂತ ಕಷ್ಟ. ಎಂಟರ್ ಒತ್ತಲು, ಸ್ಪೇಸ್‌ನ ಬಲತುದಿ ಮುಟ್ಟಲು ಹೆಬ್ಬೆರಳನ್ನು ಒಳಕ್ಕೆ ಮಡಚಬೇಕು. ಮಡಚಿದಾಗ ತುದಿಯ ಬದಲು ಬೆರಳಿನ ಪಕ್ಕ ತಾಗುತ್ತದೆ, ಫೋನ್ ಅಂಗೈಯಲ್ಲಿ ಅಲುಗುತ್ತದೆ. ಒಂಟಿ ಕೈ ಮೋಡ್ ಆ ಮೂಲೆಯನ್ನು ಅಲ್ಲೇ ಬಿಡುತ್ತದೆ. ಅದಕ್ಕೇ ಎತ್ತಬೇಕು ಅನ್ನೋದು.

ಮಾಡೋದು ಹೀಗೆ. ಕೀಬೋರ್ಡ್ ಮೇಲಿನ ಪಟ್ಟಿಯಲ್ಲಿ ನಾಲ್ಕು ಚೌಕದ ಗುರುತು ಒತ್ತಿ, One-handed ಆರಿಸಿ. ಕೀಬೋರ್ಡ್ ಒಂದು ಬದಿಗೆ ಹೋಗುತ್ತದೆ, ಖಾಲಿ ಬದಿಯಲ್ಲಿ ಕೆಲವು ಗುರುತುಗಳು ಕಾಣುತ್ತವೆ. ಒಂದು ಕೀಬೋರ್ಡನ್ನು ಮತ್ತೆ ಪೂರ್ತಿ ಅಗಲಕ್ಕೆ ತರುತ್ತದೆ. ಬಾಣದ್ದು ಇನ್ನೊಂದು ಕೈ ಕಡೆಗೆ ಸರಿಸುತ್ತದೆ. ಇನ್ನೊಂದು ಗಾತ್ರ ಮತ್ತು ಜಾಗ ಬದಲಿಸಲು. ಅದನ್ನು ಒತ್ತಿದರೆ ಕೀಬೋರ್ಡಿನ ಸುತ್ತ ಚೌಕಟ್ಟು ಬರುತ್ತದೆ. ಚೌಕಟ್ಟಿನ ಅಂಚು ಎಳೆದರೆ ಗಾತ್ರ ಬದಲಾಗುತ್ತದೆ, ಇಡೀ ಕೀಬೋರ್ಡನ್ನು ಹಿಡಿದು ಎಳೆದರೆ ಮೇಲಕ್ಕೆ ಬರುತ್ತದೆ, ಕೆಳಗೆ ಖಾಲಿ ಜಾಗ ಬಿಡುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಈ ಗುರುತುಗಳ ರೂಪ ಬದಲಾಗುತ್ತಿರುತ್ತದೆ, ಕೆಲಸ ಮಾತ್ರ ಇದೇ.

ನಾನು ಹಂತ ಹಂತವಾಗಿ ಬದಲಿಸಿ ಕೊನೆಗೆ ನಿಂತದ್ದು ಇಲ್ಲಿ: ತಳದಿಂದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮೇಲೆ. ಅಗಲವನ್ನು ಎಳೆದು 64 ಮಿ.ಮೀ. ಮಾಡಿದ್ದೇನೆ, ಪೂರ್ತಿ ಕುಗ್ಗಿಸಿಲ್ಲ. q ಮುಟ್ಟಲು ಬೆರಳು ಚಾಚಬೇಕಾಗುತ್ತದೆ, ಆದರೆ ಹಿಡಿತ ಬದಲಿಸಬೇಕಿಲ್ಲ. ಅಷ್ಟು ಸಾಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಿಗೆ q ಯಾವಾಗ ಬೇಕಾಗುತ್ತದೆ ಹೇಳಿ?

ಎತ್ತಿದ್ದರಿಂದ ಇನ್ನೊಂದು ಲಾಭವೂ ಇದೆ. ಸನ್ನೆಯಲ್ಲಿ ಹಿಂದೆ, ಹೋಮ್ ಹೋಗುವ ವ್ಯವಸ್ಥೆ ಇರುವ ಫೋನುಗಳಲ್ಲಿ ತಳದ ಗೆರೆಯ ಮೇಲೇ ಸ್ಪೇಸ್ ಕೂತಿರುತ್ತದೆ. ಅವಸರದಲ್ಲಿ ಸ್ಪೇಸ್ ಒತ್ತುವಾಗ ಬೆರಳು ಸ್ವಲ್ಪ ಮೇಲಕ್ಕೆ ಜಾರಿದರೆ ಆ್ಯಪ್‌ನಿಂದಲೇ ಆಚೆ. ಅರ್ಧ ಬರೆದ ಮೆಸೇಜು ಅಲ್ಲೇ. ನಡುವೆ ಒಂದು ಸೆಂಟಿಮೀಟರ್ ಬಂದ ಮೇಲೆ ಆ ಕಾಟ ತಪ್ಪಿತು.

ಎತ್ತರದ ವಿಷಯಕ್ಕೆ ಬರೋಣ. ಅಗಲ ಕೈಲಿಲ್ಲದ ಕಾರಣ ಕೀ ದೊಡ್ಡದು ಮಾಡಲು ಉಳಿದಿರುವ ದಾರಿ ಎತ್ತರ ಒಂದೇ. ಹಾಗಂತ ಗರಿಷ್ಠಕ್ಕೆ ಎಳೆಯಬೇಡಿ. ಕೀ ಎತ್ತರವಾದಷ್ಟೂ ಮೇಲಿನ ಸಾಲು ದೂರ ಹೋಗುತ್ತದೆ, ಚಾಟ್ ಕಾಣುವ ಜಾಗ ಕಡಿಮೆಯಾಗುತ್ತದೆ. ನನಗೆ ಮಾಮೂಲಿಗಿಂತ ಒಂದು ಮೆಟ್ಟಿಲು ಮೇಲೆ ಸಾಕಾಯಿತು. ಅಂಕಿಗಳ ಸಾಲು ಆನ್ ಇದ್ದರೆ ಮೊದಲು ಅದನ್ನು ತೆಗೆದುಬಿಡಿ. ಅದು ತಿನ್ನುವ ಜಾಗವನ್ನು ಅಕ್ಷರದ ಸಾಲುಗಳಿಗೆ ಕೊಟ್ಟರೆ ಜಾಸ್ತಿ ಉಪಯೋಗ. ಇನ್ನೊಂದು ಮಾತು, ಫೋನಿನ ಸೆಟ್ಟಿಂಗ್ಸ್‌ನಲ್ಲಿ Display size ಬದಲಿಸಿದರೆ ಕೀಬೋರ್ಡಿನ ಎತ್ತರವೂ ಬದಲಾಗುತ್ತದೆ. ಮೊದಲು ಅದನ್ನು ಇತ್ಯರ್ಥ ಮಾಡಿ, ಆಮೇಲೆ ಕೀಬೋರ್ಡಿಗೆ ಕೈ ಹಾಕಿ.

ನಿಮಗೆ ಎಷ್ಟು ಎತ್ತರ, ಎಷ್ಟು ಮೇಲೆ ಬೇಕು ಅನ್ನೋದು ನನ್ನ ಅಳತೆ ನೋಡಿ ಗೊತ್ತಾಗುವುದಿಲ್ಲ, ಕೈ ಬೇರೆ ಅಲ್ವಾ. ಅದಕ್ಕೆ ಒಂದು ಪರೀಕ್ಷೆ ಇದೆ. ತಪ್ಪು ತಿದ್ದುವ ಸೌಲಭ್ಯ ಮತ್ತು ಸಲಹೆಗಳ ಪಟ್ಟಿ ಎರಡನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ. ಇಲ್ಲದಿದ್ದರೆ ಅವು ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತವೆ, ಬೆರಳು ಎಲ್ಲಿ ಬೀಳುತ್ತಿದೆ ಅಂತ ತಿಳಿಯುವುದಿಲ್ಲ. ಇಂಗ್ಲಿಷ್ ಲೇಔಟ್‌ನಲ್ಲಿ poorti ಅಂತ ಮಾಮೂಲಿ ವೇಗದಲ್ಲಿ ನಾಲ್ಕೈದು ಸಲ ಹೊಡೆಯಿರಿ. ಅದರ ಅಕ್ಷರಗಳೆಲ್ಲ ಮೇಲಿನ ಸಾಲಿನವು. ಆಮೇಲೆ namma. ಅದರ n, m ಎರಡೂ ಕೆಳಸಾಲಿನವು.

ಈಗ ತಪ್ಪು ಯಾವ ಕಡೆಗೆ ವಾಲಿದೆ ನೋಡಿ. poorti ಹೊಡೆದಾಗ t ಬದಲು g, r ಬದಲು f ಬರುತ್ತಿದ್ದರೆ ಮೇಲಿನ ಸಾಲು ಬೆರಳಿಗೆ ದೂರವಾಗಿದೆ. ಎತ್ತರ ಒಂದು ಮೆಟ್ಟಿಲು ಇಳಿಸಿ. namma ಬದಲು ನಡುವೆ ಸ್ಪೇಸ್ ತೂರಿ na ma ಅಂತ ಒಡೆಯುತ್ತಿದ್ದರೆ ಬೆರಳು ಗುರಿಗಿಂತ ಕೆಳಗೆ ಬೀಳುತ್ತಿದೆ. ಕೀಬೋರ್ಡನ್ನು ಇನ್ನೂ ಸ್ವಲ್ಪ ಎತ್ತಿ. o ಬದಲು p ಬಂದರೆ ಕೀಬೋರ್ಡ್ ಕೈಗೆ ತೀರಾ ಅಂಟಿಕೊಂಡಿದೆ ಅಥವಾ ಅಗಲ ತೀರಾ ಕಡಿಮೆಯಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದಾದ ಮೇಲೆ ಒಂದೆರಡು ದಿನ ಮುಟ್ಟದೆ ಬಿಡಿ, ಬೆರಳು ಹೊಸ ಜಾಗಕ್ಕೆ ಒಗ್ಗಲು ಸಮಯ ಬೇಕು. ನನ್ನ ತಪ್ಪುಗಳು ಬಹುತೇಕ ಎರಡನೆಯ ಬಗೆಯವು, ಸ್ಪೇಸ್ ತೂರುವವು. ಎತ್ತಿದ ಮೇಲೆ ತುಂಬಾ ಕಡಿಮೆಯಾದವು.

ವೈಬ್ರೇಷನ್ ಬಗ್ಗೆ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಮೊದಲು ಆಫ್ ಇಟ್ಟಿದ್ದೆ, ಈಗ ಕಡಿಮೆ ಮಟ್ಟದಲ್ಲಿ ಆನ್ ಇದೆ. ಕೀ ಒತ್ತಿತು ಅಂತ ಅದು ಹೇಳುತ್ತದೆ, ಯಾವ ಕೀ ಅಂತ ಹೇಳುವುದಿಲ್ಲ. ತಪ್ಪು ಅಕ್ಷರಕ್ಕೂ ಅದೇ ನಡುಕ. ಆದರೂ ಒಂದೇ ಬೆರಳಿನಲ್ಲಿ ದೂರದ ಕೀಗೆ ಚಾಚಿದಾಗ, ತಾಗಿತೋ ಇಲ್ಲವೋ ಅನ್ನೋ ಅನುಮಾನದಿಂದ ಎರಡು ಸಲ ಒತ್ತುವ ಚಾಳಿ ಅದರಿಂದ ಹೋಯಿತು.

ಇಲ್ಲಿ ಫೋನಿನ ಒಳಗಿರುವ ಮೋಟರ್ ಯಾವುದು ಅನ್ನೋದು ಮುಖ್ಯ. ಅಗ್ಗದ ಫೋನುಗಳಲ್ಲಿ ಒಂದು ಬದಿಗೆ ಭಾರ ಕಟ್ಟಿದ, ಗರಗರ ಸುತ್ತುವ ಪುಟ್ಟ ಮೋಟರ್ ಇರುತ್ತದೆ. ಅದಕ್ಕೆ ವೇಗ ಪಡೆಯಲೂ ನಿಲ್ಲಲೂ ಸಮಯ ಬೇಕು. ಬೇಗ ಬೇಗ ಒತ್ತಿದರೆ ಒಂದು ಕೀಯ ನಡುಕ ಇನ್ನೊಂದರ ಜೊತೆ ಕಲೆತು ಒಂದೇ ಗುಂಯ್ ಆಗುತ್ತದೆ. ನಿಮ್ಮ ಫೋನ್ ಹೀಗಿದ್ದರೆ ಸುಮ್ನೆ ಆಫ್ ಮಾಡಿ, ಅದರಿಂದ ಉಪಯೋಗವಿಲ್ಲ. ಲೀನಿಯರ್ ಮೋಟರ್ ಇರುವ ಫೋನಿನಲ್ಲಿ ಒಳಗಿನ ಭಾರ ಹಿಂದೆ ಮುಂದೆ ಆಡುತ್ತದೆ, ಬೇಗ ಶುರುವಾಗಿ ಬೇಗ ನಿಲ್ಲುತ್ತದೆ. ಪ್ರತಿ ಒತ್ತಿಗೂ ಟಕ್ ಅಂತ ಬೇರೆ ಬೇರೆಯಾಗಿ ತಿಳಿಯುತ್ತದೆ. ಅಂಥ ಫೋನಿನಲ್ಲಿ ಕಡಿಮೆ ಮಟ್ಟವೇ ಸಾಕು. ಹೆಚ್ಚಿಸಿದರೆ ಉದ್ದ ಮೆಸೇಜ್ ಮುಗಿಯುವಷ್ಟರಲ್ಲಿ ಬೆರಳ ತುದಿ ಜೋಮು ಹಿಡಿದಂತಾಗುತ್ತದೆ. ದಪ್ಪ ಕವರ್ ಹಾಕಿದರೆ ನಡುಕ ಮಂದವಾಗುತ್ತದೆ, ಆಗ ಒಂದು ಮಟ್ಟ ಏರಿಸಬಹುದು. ಕೀಬೋರ್ಡಿನಲ್ಲಿ ಆನ್ ಇದ್ದೂ ಏನೂ ತಿಳಿಯದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ವೈಬ್ರೇಷನ್ ಆಫ್ ಆಗಿದೆಯಾ ನೋಡಿ. ಬ್ಯಾಟರಿ ಉಳಿಸುವ ಮೋಡ್ ಕೂಡ ಕೆಲವು ಫೋನುಗಳಲ್ಲಿ ಇದನ್ನು ನಿಲ್ಲಿಸಿಬಿಡುತ್ತದೆ.

ಯಾರೂ ಹೆಚ್ಚು ಗಮನಿಸದ ಸೆಟ್ಟಿಂಗ್ ಒಂದಿದೆ, Key long press delay. ಜಿಬೋರ್ಡ್‌ನಲ್ಲಿ ಅದು 300 ಮಿಲಿಸೆಕೆಂಡಿಗೆ ಇರುತ್ತದೆ. ಅಷ್ಟು ಹೊತ್ತು ಬೆರಳು ಕೀ ಮೇಲೆ ನಿಂತರೆ ಅಕ್ಷರದ ಬದಲು ಅಂಕಿಯೋ ಚಿಹ್ನೆಯೋ ಬರುತ್ತದೆ. ಎರಡು ಬೆರಳಲ್ಲಿ ಹೊಡೆಯುವಾಗ ತೊಂದರೆ ಇಲ್ಲ. ಒಂದೇ ಹೆಬ್ಬೆರಳು ದೂರದ ಕೀ ಮೇಲೆ ಚಾಚಿ ನಿಂತಾಗ ಅದನ್ನು ಎತ್ತಲು ತಡವಾಗುತ್ತದೆ. w, e ಬದಲು 2, 3 ಬರುತ್ತಿದ್ದರೆ ಕಾರಣ ಇದೇ. ನಾನು 400ಕ್ಕೆ ಏರಿಸಿದೆ. ಅದಕ್ಕಿಂತ ಮೇಲೆ ಹೋದರೆ ಬೇಕೆಂದೇ ಒತ್ತಿ ಹಿಡಿದಾಗ ಕಾಯೋದು ಬೇಜಾರು.

ಕನ್ನಡ ಲಿಪಿಯ ಲೇಔಟ್‌ನಲ್ಲೇ ಟೈಪ್ ಮಾಡುವವರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಇನ್‌ಸ್ಕ್ರಿಪ್ಟ್ ಮಾದರಿಯಲ್ಲಿ ಒಂದು ಸಾಲಿಗೆ ಹತ್ತಕ್ಕಿಂತ ಜಾಸ್ತಿ ಕೀ ಬೇಕಾಗುತ್ತದೆ, ಹಾಗಾಗಿ ಒಂಟಿ ಕೈ ಮೋಡ್‌ನಲ್ಲಿ ಕೀ ತೀರಾ ಸಣ್ಣದಾಗುತ್ತದೆ. ಒತ್ತಕ್ಷರಕ್ಕೆ ಮಧ್ಯೆ ಅರ್ಧಾಕ್ಷರದ ಕೀ ಬೇರೆ ಒತ್ತಬೇಕು. ನನ್ನ ಮಟ್ಟಿಗೆ ಒಂದೇ ಕೈಯಲ್ಲಿ ಅದು ಆಗುವ ಮಾತಲ್ಲ. ಆ ಲೇಔಟ್ ಬೇಕಾದಾಗ ಪೂರ್ತಿ ಅಗಲಕ್ಕೆ ತಂದು ಎರಡು ಕೈ ಬಳಸುತ್ತೇನೆ. ಒಂಟಿ ಕೈಗೆ ಇಂಗ್ಲಿಷ್ ಅಕ್ಷರದಿಂದ ಕನ್ನಡ ಬರುವ ಲೇಔಟೇ ಸರಿ.

ಐಫೋನ್ ಇರುವವರಿಗೆ ಇಷ್ಟೆಲ್ಲ ಆಟ ಇಲ್ಲ. ಗ್ಲೋಬ್ ಕೀ ಒತ್ತಿ ಹಿಡಿದರೆ ಎಡ ಅಥವಾ ಬಲಕ್ಕೆ ಸರಿಸಬಹುದು, ಐಒಎಸ್ 16ರಿಂದ ಕೀಬೋರ್ಡಿಗೆ ಹ್ಯಾಪ್ಟಿಕ್ಸ್, ಅಂದರೆ ಒತ್ತಿದಾಗಿನ ನಡುಕ ಕೂಡ ಇದೆ. ಅದರದೇ ಕೀಬೋರ್ಡಿನಲ್ಲಿ ಎತ್ತರ ಬದಲಿಸುವ ಸೆಟ್ಟಿಂಗ್ ಇಲ್ಲ. ಸ್ಯಾಮ್‌ಸಂಗ್ ಕೀಬೋರ್ಡಿನಲ್ಲಿ ಗಾತ್ರ, ಒಂಟಿ ಕೈ, ಒತ್ತಿ ಹಿಡಿಯುವ ಸಮಯ ಎಲ್ಲವೂ ಸಿಗುತ್ತವೆ.

ಆಂಡ್ರಾಯ್ಡ್‌ನಲ್ಲಿ ಒಂದು ಎಚ್ಚರ ಇರಲಿ. ಕೆಲವು ಕಂಪನಿಗಳ ಫೋನುಗಳಲ್ಲಿ ಪಾಸ್‌ವರ್ಡ್ ಹಾಕುವ ಜಾಗಕ್ಕೆ ಹೋದ ಕೂಡಲೇ ಅವರದೇ ಬೇರೆ ಸುರಕ್ಷಿತ ಕೀಬೋರ್ಡ್ ತೆರೆಯುತ್ತದೆ. ನೀವು ಮಾಡಿದ ಎತ್ತರ, ಜಾಗ ಯಾವುದೂ ಅಲ್ಲಿಗೆ ಬರುವುದಿಲ್ಲ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ತಪ್ಪು ಒತ್ತಿದ್ದೂ ಗೊತ್ತಾಗುವುದಿಲ್ಲ. ಅಂಥ ಫೋನಾದರೆ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ secure keyboard ಅಂತ ಹಾಕಿ ನೋಡಿ, ಬಹಳಷ್ಟರಲ್ಲಿ ಅದನ್ನು ಆಫ್ ಮಾಡಬಹುದು. ಆಫ್ ಮಾಡಲು ಮನಸ್ಸಿಲ್ಲದಿದ್ದರೆ ಪಾಸ್‌ವರ್ಡ್ ಮಟ್ಟಿಗೆ ಎರಡು ಕೈ ಬಳಸಿ.